ಬೆಂಗಳೂರಿಂದ ಜರ್ಮನಿಗೆ ನಾಯಿ ಕರ್ಕೊಂಡ್ ಹೋಗೋದು: ಚಿಪ್ಪಿಂದ ಕ್ರೇಟ್ ತನಕ ಪೂರ್ತಿ ಲೆಕ್ಕ

ವೀಸಾ ಬಂತು, ಮುಂದಿನ್ ತಿಂಗಳು ಜಾಯ್ನ್ ಆಗ್ಬೇಕು, ನಾಯೀನೂ ಕರ್ಕೊಂಡ್ ಹೋಗ್ಬೇಕು, ಏನೇನ್ ಪೇಪರ್ ಬೇಕು ಅಂತ ಕೇಳೋರೇ ಜಾಸ್ತಿ. ಮೊದ್ಲೇ ಹೇಳ್ಬಿಡ್ತೀನಿ, ಒಂದ್ ತಿಂಗಳಲ್ಲಿ ಆಗಲ್ಲ. ಎಷ್ಟೇ ದುಡ್ಡು ಕೊಟ್ರೂ, ಎಂಥಾ ಏಜೆಂಟ್ ಹಿಡಿದ್ರೂ, ಇವತ್ತು ಶುರು ಮಾಡಿದ್ರೆ ನಾಲ್ಕು ತಿಂಗಳು ಕಳೀದೆ ನಾಯಿ ಜರ್ಮನಿಗೆ ಕಾಲಿಡೋ ಹಾಗಿಲ್ಲ, ಆರಾಮಾಗಿ ಮಾಡ್ಬೇಕು ಅಂದ್ರೆ ಐದಾರು ತಿಂಗಳು ಇಟ್ಕೊಳಿ. ಕಾರಣ ಇಷ್ಟೇ, ರೇಬೀಸ್ ವಿಷ್ಯದಲ್ಲಿ ಯುರೋಪಿಯನ್ ಯೂನಿಯನ್ ಒಂದು ದೇಶಗಳ ಲಿಸ್ಟ್ ಇಟ್ಕೊಂಡಿದೆ, ಅದ್ರಲ್ಲಿ ಇಂಡಿಯಾ ಇಲ್ಲ. ಲಿಸ್ಟಲ್ಲಿ ಇಲ್ದಿರೋ ದೇಶದ ನಾಯಿಗೆ ಬರೀ ಲಸಿಕೆ ಹಾಕ್ಸಿದ್ರೆ ಸಾಲಲ್ಲ, ಲಸಿಕೆ ಮೈಗೆ ಹತ್ತಿದೆ ಅಂತ ರಕ್ತ ಟೆಸ್ಟ್ ಮಾಡ್ಸಿ ತೋರಿಸ್ಬೇಕು, ತೋರಿಸಿದ್ಮೇಲೂ ಮೂರು ತಿಂಗಳು ಕಾಯ್ಬೇಕು.

ಇಲ್ಲಿ ಹೇಳ್ತಿರೋದೆಲ್ಲ ಬೆಂಗಳೂರಿಂದ ಜರ್ಮನಿಗೆ ಹೋಗೋರಿಗೆ. ಉದಾಹರಣೆಗೆ ನಮ್ಮಕ್ಕನ ಮನೆ ರಾಜ ಇದಾನಲ್ಲ, ಬೀದಿಯಿಂದ ತಂದು ಸಾಕಿದ ಹದಿನೆಂಟು ಕೇಜಿ ಇಂಡಿ ನಾಯಿ, ಅವನ ಡೇಟು ಅಳತೆ ಇಟ್ಕೊಂಡೇ ಲೆಕ್ಕ ಹಾಕೋಣ.

ಶುರು ಮಾಡೋಕ್ ಮುಂಚೆ ಒಂದ್ ಮಾತು. ಪಿಟ್‌ಬುಲ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್, ಬುಲ್ ಟೆರಿಯರ್, ಈ ನಾಲ್ಕನ್ನೂ ಇವುಗಳ ಕ್ರಾಸನ್ನೂ ಒಳಗ್ ತರೋಕೆ ಜರ್ಮನಿ ಬಿಡಲ್ಲ, 2001ರಿಂದ ಕಾನೂನೇ ಇದೆ. ರಾಟ್‌ವೈಲರ್ ತರದ ಕೆಲವು ಬ್ರೀಡಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ರೂಲ್ ಇದೆ, ನೀವ್ ಹೋಗ್ತಿರೋ ಊರಿನ ರೂಲ್ ಯಾವ್ದು ಅಂತ ಈಗ್ಲೇ ನೋಡ್ಕೊಳಿ.

ಮೊದ್ಲು ಚಿಪ್ಪು, ಆಮೇಲೆ ಇಂಜೆಕ್ಷನ್

ಹೆಚ್ಚು ಜನ ಎಡವೋದು ಈ ಆರ್ಡರಲ್ಲೇ. ನಾಯಿಗೆ ಮೈಕ್ರೋಚಿಪ್ ಹಾಕ್ಸಿದ್ಮೇಲೆ, ಇಲ್ಲಾ ಅದೇ ದಿನ, ಕೊಟ್ಟ ರೇಬೀಸ್ ಲಸಿಕೆ ಮಾತ್ರ ಲೆಕ್ಕಕ್ಕೆ ಬರತ್ತೆ. ಚಿಪ್ಪಿಗೆ ಮುಂಚೆ ಐದು ವರ್ಷ ತಪ್ಪದೆ ಲಸಿಕೆ ಹಾಕ್ಸಿದ್ರೂ ಅವ್ರ ಪ್ರಕಾರ ಅದು ಇಲ್ಲ, ಯಾಕಂದ್ರೆ ಆ ಲಸಿಕೆ ಇದೇ ನಾಯಿಗೆ ಕೊಟ್ಟಿದ್ದು ಅನ್ನೋಕೆ ಪ್ರೂಫ್ ಇಲ್ಲ. ಚಿಪ್ಪು 15 ಅಂಕಿದು ಇರ್ಬೇಕು, ಐಎಸ್ಒ 11784 ಮತ್ತು 11785 ಸ್ಟ್ಯಾಂಡರ್ಡ್ ಇರ್ಬೇಕು. ಈಗಾಗ್ಲೇ ಚಿಪ್ ಇದ್ರೆ ಪುಸ್ತಕದಲ್ಲಿ ಸ್ಟಿಕ್ಕರ್ ಇದೆ ಅಂತ ಸುಮ್ನಾಗ್ಬೇಡಿ, ವೆಟ್ ಹತ್ರ ಹೋಗಿ ಸ್ಕ್ಯಾನ್ ಮಾಡ್ಸಿ, ಸ್ಕ್ಯಾನರಲ್ಲಿ ಬಂದ ನಂಬರನ್ನ ಫೋಟೋ ಹೊಡ್ಕೊಳಿ. ಭುಜದ ಹತ್ರ ಹಾಕಿದ್ದು ಕೆಲವು ಸಲ ಕತ್ತಿನ ಕಡೆಗೋ ಕಾಲಿನ ಕಡೆಗೋ ಜರುಗಿರತ್ತೆ, ಎಲ್ಲಿ ಸಿಕ್ತು ಅಂತ ಬರ್ಸಿಡಿ, ಅಲ್ಲಿ ಏರ್‌ಪೋರ್ಟಲ್ಲಿ ಸ್ಕ್ಯಾನ್ ಮಾಡೋರಿಗೆ ಸುಲಭ.

ಲಸಿಕೆ ಹಾಕ್ಸೋ ದಿನಕ್ಕೆ ನಾಯಿಗೆ ಕಮ್ಮಿ ಅಂದ್ರೂ 12 ವಾರ ಆಗಿರ್ಬೇಕು. ಇಲ್ಲಿ ನಮ್ ಕಡೆ ವ್ಯಾಕ್ಸಿನೇಷನ್ ಪುಸ್ತಕದ ಕಥೆ ಏನಂದ್ರೆ, ಡಾಕ್ಟ್ರು ಸ್ಟಿಕ್ಕರ್ ಅಂಟ್ಸಿ, ಗೀಚಿ, ಮುಂದಿನ ಡೇಟ್ ಬರ್ದು ಕೊಟ್ಬಿಡ್ತಾರೆ. ನಿಮಗೆ ಅದಕ್ಕಿಂತ ಜಾಸ್ತಿ ಬೇಕು. ಲಸಿಕೆ ಹೆಸರು, ಕಂಪನಿ, ಬ್ಯಾಚ್ ನಂಬರ್, ಹಾಕಿದ ತಾರೀಕು, ಎಲ್ಲಿಂದ ಎಲ್ಲಿವರೆಗೆ ವ್ಯಾಲಿಡ್, ಪಕ್ಕದಲ್ಲಿ ಚಿಪ್ ನಂಬರ್, ಡಾಕ್ಟ್ರ ಸಹಿ, ರಿಜಿಸ್ಟ್ರೇಷನ್ ನಂಬರ್ ಇರೋ ಸೀಲು. "ಡಾಕ್ಟ್ರೇ, ಇದು ಫಾರಿನ್‌ಗೆ ಬೇಕು, ಸ್ವಲ್ಪ ನೀಟಾಗಿ ಬರ್ದುಕೊಡಿ" ಅಂತ ಹಾಕ್ಸೋ ದಿನಾನೇ ಕೇಳಿ, ಆರು ತಿಂಗಳು ಬಿಟ್ಟು ಹೋದ್ರೆ ಆ ಬ್ಯಾಚ್ ನಂಬರ್ ಅವ್ರಿಗೂ ಸಿಗಲ್ಲ.

ಡಿಸ್ಟೆಂಪರ್, ಪಾರ್ವೋ, ಲೆಪ್ಟೋ ಇವೆಲ್ಲ ಸೇರಿರೋ ಲಸಿಕೆ ಜರ್ಮನಿಯ ಎಂಟ್ರಿಗೆ ಕಡ್ಡಾಯ ಅಲ್ಲ. ಆದ್ರೂ ಹಾಕ್ಸಿ, ನಾಯಿಗೇ ಒಳ್ಳೇದು.

ಟೈಟರ್ ಟೆಸ್ಟ್, ಇಡೀ ಪ್ಲಾನ್ ನಿಂತಿರೋದೇ ಇದ್ರ ಮೇಲೆ

ಲಸಿಕೆ ಹಾಕ್ಸಿ ಕನಿಷ್ಠ 30 ದಿನ ಆದ್ಮೇಲೆ ರಕ್ತ ತೆಗಿಸ್ಬೇಕು, ಅದ್ರಲ್ಲಿ ರೇಬೀಸ್ ವಿರುದ್ಧದ ಆಂಟಿಬಾಡಿ ಒಂದು ಎಂಎಲ್‌ಗೆ 0.5 ಐಯು ಅಥವಾ ಅದಕ್ಕಿಂತ ಮೇಲೆ ಬರ್ಬೇಕು, ಇದನ್ನೇ ಟೈಟರ್ ಟೆಸ್ಟ್ ಅನ್ನೋದು. ಟೆಸ್ಟ್ ಮಾಡೋ ಲ್ಯಾಬ್ ಯುರೋಪಿಯನ್ ಯೂನಿಯನ್ ಒಪ್ಪಿರೋ ಲಿಸ್ಟಲ್ಲಿ ಇರ್ಬೇಕು, ಆ ಲಿಸ್ಟ್ ಯುರೋಪಿಯನ್ ಕಮಿಷನ್ ಸೈಟಲ್ಲೇ ಇದೆ. ಪಕ್ಕದ ಬೀದಿ ಲ್ಯಾಬ್ ರಿಪೋರ್ಟ್ ನಡಿಯಲ್ಲ. ನಿಮ್ ವೆಟ್ಟೋ ಏಜೆಂಟೋ ಸ್ಯಾಂಪಲ್ ಕಳಿಸ್ತೀವಿ ಅಂದ್ರೆ ಯಾವ ಲ್ಯಾಬಿಗೆ ಅಂತ ಪೂರ್ತಿ ಹೆಸರು ಕೇಳಿ, ಆ ಲಿಸ್ಟಲ್ಲಿ ನೀವೇ ಹುಡುಕಿ.

ಈಗ ಒಂದು ಸೂಕ್ಷ್ಮ ಇದೆ. ಜೀವಮಾನದಲ್ಲಿ ಒಂದೇ ಡೋಸ್ ತಗೊಂಡಿರೋ ನಾಯಿಗೆ ಆಂಟಿಬಾಡಿ ನಾಲ್ಕೈದು ವಾರಕ್ಕೆ ಏರಿ ಆಮೇಲೆ ಇಳಿಯೋಕೆ ಶುರು ಆಗತ್ತೆ, ಕೆಲವಕ್ಕೆ ಬೇಗಾನೇ 0.5ರ ಕೆಳಗೆ ಬಂದ್ಬಿಡತ್ತೆ. ಹಂಗಂತ ಆ ನಾಯಿಗೆ ರಕ್ಷಣೆ ಇಲ್ಲ ಅಂತಲ್ಲ, ಆದ್ರೆ ಪೇಪರ್ ಮೇಲೆ ಫೇಲ್. ಅದಕ್ಕೇ ಅನುಭವ ಇರೋ ವೆಟ್‌ಗಳು ಮರಿಗೂ ಮೊದಲ ಸಲ ತಗೊಳೋ ನಾಯಿಗೂ ಮೂರ್ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಕೊಟ್ಟು, ಅದಾಗಿ 30 ದಿನ ಕಳೆದ ಕೂಡ್ಲೇ ರಕ್ತ ತೆಗೀತಾರೆ. ತಿಂಗಳುಗಟ್ಲೆ ತಡ ಮಾಡೋದೂ ತಪ್ಪು, 28ನೇ ದಿನಕ್ಕೆ ಅವಸರ ಮಾಡೋದೂ ತಪ್ಪು. 28ನೇ ದಿನ ತೆಗೆದ ರಕ್ತದಲ್ಲಿ ರೀಡಿಂಗ್ ಎಷ್ಟೇ ಚೆನ್ನಾಗಿ ಬಂದ್ರೂ ರಿಜೆಕ್ಟ್.

ಕಳಿಸಬೇಕಾಗಿರೋದು ಸೀರಮ್, ಹಸಿ ರಕ್ತ ಅಲ್ಲ. ರಕ್ತ ಹೆಪ್ಪುಗಟ್ಟಿದ್ಮೇಲೆ ಸೆಂಟ್ರಿಫ್ಯೂಜಲ್ಲಿ ತಿರುಗ್ಸಿ ಮೇಲಿನ ತಿಳಿ ಭಾಗ ಮಾತ್ರ ಬೇರೆ ಟ್ಯೂಬಿಗೆ ಹಾಕ್ಬೇಕು, ತಣ್ಣಗೆ ಹೋಗ್ಬೇಕು. ಸೀರಮ್ ತಿಳಿ ಹಳದಿ ಇರ್ಬೇಕು, ಕೆಂಪಗಿದ್ರೆ ರಕ್ತಕಣ ಒಡೆದಿದೆ ಅಂತ ಅರ್ಥ, ಅಂಥದ್ದನ್ನ ಕಳಿಸೋ ಬದ್ಲು ಅಲ್ಲೇ ಇನ್ನೊಂದ್ ಸಲ ತೆಗಿಸ್ಬಿಡಿ. ಇನ್ನು ಲ್ಯಾಬ್ ಫಾರ್ಮಲ್ಲಿ ಚಿಪ್ ನಂಬರ್ ಬರಿಯೋವಾಗ ಪಕ್ಕದಲ್ಲೇ ನಿಂತಿರಿ. ಗೊತ್ತಿರೋರೊಬ್ಬರ ಲ್ಯಾಬ್ರಡಾರ್ ರಿಪೋರ್ಟಲ್ಲಿ ಕ್ಲಿನಿಕ್ಕಿನ ಹುಡುಗ 86 ಅನ್ನೋದನ್ನ 68 ಅಂತ ಬರ್ದಿದ್ದ, ರೀಡಿಂಗ್ ಪಾಸಾಗಿತ್ತು, ನಂಬರ್ ಮಾತ್ರ ಯಾವ್ದೋ ಬೇರೆ ನಾಯಿದು. ರಿಪೋರ್ಟ್ ಬಂದ ದಿನಾನೇ ನೋಡಿದ್ರಿಂದ ಲ್ಯಾಬಿಗೆ ಬರ್ದು ಸರಿ ಮಾಡ್ಸಿದ್ರು, ಏರ್‌ಪೋರ್ಟಲ್ಲಿ ಗೊತ್ತಾಗಿದ್ರೆ ಯಾರೂ ಏನೂ ಮಾಡೋಕಾಗ್ತಿರ್ಲಿಲ್ಲ.

ಮೂರು ತಿಂಗಳು ಲೆಕ್ಕ ಆಗೋದು ರಕ್ತ ತೆಗೆದ ದಿನದಿಂದ, ರಿಪೋರ್ಟ್ ಬಂದ ದಿನದಿಂದ ಅಲ್ಲ. ಹಾಗಾಗಿ ರಿಪೋರ್ಟ್ ಬರೋಕೆ ವಾರಗಟ್ಲೆ ಹಿಡಿದ್ರೂ ತಲೆ ಕೆಡಿಸ್ಕೋಬೇಡಿ, ಗಡಿಯಾರ ಆಗ್ಲೇ ಓಡ್ತಿರತ್ತೆ.

ರಾಜನ ಕ್ಯಾಲೆಂಡರ್ ನೋಡಿ. ಜನವರಿ 5ಕ್ಕೆ ಚಿಪ್ ಹಾಕ್ಸಿ ಅದೇ ಟೇಬಲ್ ಮೇಲೆ ಮೊದಲ ರೇಬೀಸ್ ಡೋಸು. ಫೆಬ್ರವರಿ 2ಕ್ಕೆ ಎರಡನೇ ಡೋಸು. ಅದಾಗಿ 32 ದಿನಕ್ಕೆ, ಮಾರ್ಚ್ 6ಕ್ಕೆ, ರಕ್ತ. ಅಲ್ಲಿಂದ ಮೂರು ತಿಂಗಳು ಅಂದ್ರೆ ಜೂನ್ 6, ಅದಕ್ಕಿಂತ ಮುಂಚೆ ಜರ್ಮನಿ ಒಳಗೆ ಹೋಗೋ ಹಾಗಿಲ್ಲ. ಟಿಕೆಟ್ ಜೂನ್ 10ಕ್ಕೆ. ನಾಲ್ಕು ದಿನ ಗ್ಯಾಪ್ ಬಿಟ್ಟಿದ್ದು ಬೇಕಂತಲೇ, 6ನೇ ತಾರೀಕಿಗೇ ಬುಕ್ ಮಾಡಿ ಆ ಕಡೆ ಆಫೀಸರ್ ಒಂದು ದಿನ ಆ ಕಡೆ ಈ ಕಡೆ ಎಣಿಸಿದ್ರೆ ಅವ್ರ ಜೊತೆ ವಾದ ಮಾಡೋರು ಯಾರು.

ಬೂಸ್ಟರ್ ಡೇಟ್ ಮಧ್ಯದಲ್ಲಿ ಬರತ್ತಾ ಅಂತಾನೂ ನೋಡ್ಕೊಳಿ. ವ್ಯಾಲಿಡಿಟಿ ಮುಗಿಯೋಕೆ ಮುಂಚೆ ಬೂಸ್ಟರ್ ಹಾಕ್ಸಿದ್ರೆ ಹಳೇ ಟೈಟರ್ ಹಾಗೇ ನಡಿಯತ್ತೆ, ಮತ್ತೆ ಟೆಸ್ಟ್ ಬೇಡ. ಐದು ದಿನ ತಡ ಆದ್ರೂ ಅದನ್ನ ಹೊಸಾ ಲಸಿಕೆ ಅಂತ ಎಣಿಸ್ತಾರೆ, ಮತ್ತೆ 30 ದಿನ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು.

ಹೆಲ್ತ್ ಸರ್ಟಿಫಿಕೇಟ್: ಕೊನೇ ಹತ್ತು ದಿನದ ಓಟ

ಇಲ್ಲಿ ಎರಡು ಪೇಪರನ್ನ ಜನ ಕನ್‌ಫ್ಯೂಸ್ ಮಾಡ್ಕೋತಾರೆ. ನಿಮ್ ವೆಟ್ ಲೆಟರ್‌ಹೆಡ್ ಮೇಲೆ ನಾಯಿ ಆರೋಗ್ಯವಾಗಿದೆ, ಪ್ರಯಾಣ ಮಾಡ್ಬಹುದು ಅಂತ ಬರ್ಕೊಡೋದು ಒಂದು, ಅದು ಏರ್‌ಲೈನಿಗೂ ಇಲ್ಲಿನ ಸರ್ಕಾರಿ ಆಫೀಸಿಗೂ. ಜರ್ಮನಿಯವ್ರು ನೋಡೋದು ಯುರೋಪಿಯನ್ ಯೂನಿಯನ್ನಿನ ಅನಿಮಲ್ ಹೆಲ್ತ್ ಸರ್ಟಿಫಿಕೇಟು, ಮಾಲೀಕರ ಜೊತೆ ಹೋಗೋ ಸಾಕುಪ್ರಾಣಿಗೆ ಅಂತಾನೇ ಇರೋ ಫಾರ್ಮು. ಇದಕ್ಕೆ ಸಹಿ ಸೀಲು ಸರ್ಕಾರಿ ವೆಟ್ಟಿಂದಾನೇ ಆಗ್ಬೇಕು, ನಮ್ಮಲ್ಲಿ ಅದು ಕೇಂದ್ರ ಸರ್ಕಾರದ ಅನಿಮಲ್ ಕ್ವಾರಂಟೈನ್ ಅಂಡ್ ಸರ್ಟಿಫಿಕೇಷನ್ ಸರ್ವಿಸಸ್, ಎಲ್ರೂ ಎಕ್ಯೂಸಿಎಸ್ ಅಂತಾರೆ. ಬೆಂಗಳೂರಲ್ಲೇ ಅವ್ರ ಸ್ಟೇಷನ್ ಇದೆ, ಹುಬ್ಬಳ್ಳಿ ಮಂಗಳೂರಿನವ್ರೂ ಬೆಂಗಳೂರಿಂದ ಹೊರಡೋದಾದ್ರೆ ನಾಯಿ ಕರ್ಕೊಂಡು ಇಲ್ಲಿಗೇ ಬರ್ಬೇಕು, ಅದನ್ನ ಪ್ಲಾನಲ್ಲಿ ಸೇರಿಸ್ಕೊಳಿ.

ಈ ಸರ್ಟಿಫಿಕೇಟ್ ಜರ್ಮನಿಯಲ್ಲಿ ಚೆಕ್ ಆಗೋ ದಿನಕ್ಕೆ ಹತ್ತು ದಿನದೊಳಗಿಂದು ಇರ್ಬೇಕು. ರಾಜ ಜೂನ್ 10ಕ್ಕೆ ಇಳಿಯೋದು, ಸರ್ಟಿಫಿಕೇಟ್ ಕೊಡೋ ದಿನಕ್ಕೂ ರಕ್ತ ತೆಗೆದು ಮೂರು ತಿಂಗಳು ಆಗಿರ್ಬೇಕು, ಅಂದ್ರೆ ಜೂನ್ 6ಕ್ಕಿಂತ ಮುಂಚೆ ಮಾಡ್ಸೋ ಹಾಗಿಲ್ಲ, 9ಕ್ಕೆ ಹೋದ್ರೆ ಏನಾದ್ರೂ ತಪ್ಪಿದ್ರೆ ಸರಿ ಮಾಡೋಕೆ ಟೈಮಿಲ್ಲ. ಜೂನ್ 8ಕ್ಕೆ ಅಪಾಯಿಂಟ್‌ಮೆಂಟ್ ತಗೊಂಡ್ರು. ಶನಿವಾರ, ಭಾನುವಾರ, ಸರ್ಕಾರಿ ರಜೆ ಇವೆಲ್ಲ ಎಣಿಸಿ ದಿನ ಆರಿಸಿ, ದಸರಾ ದೀಪಾವಳಿ ಸಮಯ ಆದ್ರಂತೂ ಇನ್ನೂ ಮುಂಚೆ ಫೋನ್ ಮಾಡಿ ವಿಚಾರಿಸಿ.

ತಗೊಂಡ್ ಹೋಗೋದು ಏನು ಅಂದ್ರೆ ಪಾಸ್‌ಪೋರ್ಟ್, ವೀಸಾ, ಟಿಕೆಟ್, ವ್ಯಾಕ್ಸಿನೇಷನ್ ಪುಸ್ತಕ, ಚಿಪ್ ಪ್ರೂಫು, ಟೈಟರ್ ರಿಪೋರ್ಟು, ವೆಟ್ ಕೊಟ್ಟ ಫಿಟ್ನೆಸ್ ಪತ್ರ, ನಾಯಿ ಫೋಟೋ, ಎಲ್ಲದ್ರ ಝೆರಾಕ್ಸು, ಜೊತೆಗೆ ನಾಯಿ. ಫಾರ್ಮ್ ಇಂಗ್ಲಿಷ್ ಮತ್ತು ಜರ್ಮನ್ ಎರಡೂ ಇರೋದು ಬೇಕು, ಬರೀ ಇಂಗ್ಲಿಷ್ ಇರೋದನ್ನ ಪ್ರಿಂಟ್ ಮಾಡ್ಕೊಂಡ್ ಹೋಗ್ಬೇಡಿ. ಮೊದ್ಲು ಇಳಿಯೋ ದೇಶದ ಭಾಷೆ ಲೆಕ್ಕ, ಪ್ಯಾರಿಸಲ್ಲಿ ಇಳಿದು ಹೋಗೋದಾದ್ರೆ ಫ್ರೆಂಚ್ ಇರೋದು. ಸಹಿ ಸೀಲು ಪ್ರಿಂಟಿನ ಬಣ್ಣದಲ್ಲಿ ಇರ್ಬಾರ್ದು ಅಂತ ಫಾರ್ಮಲ್ಲೇ ಬರ್ದಿದೆ, ಹಾಗಾಗಿ ನೀಲಿ ಪೆನ್ ಜೇಬಲ್ಲಿ ಇಟ್ಕೊಂಡ್ ಹೋಗಿ, ಕಪ್ಪು ಸಹಿ ಝೆರಾಕ್ಸ್ ತರ ಕಾಣತ್ತೆ ಅನ್ನೋದೇ ಅವ್ರ ತಕರಾರು. ಅಲ್ಲಿಂದ ಎದ್ದು ಬರೋಕ್ ಮುಂಚೆ ಕೂತ್ಕೊಂಡು ಮೂರು ಡೇಟು ಓದಿ, ಚಿಪ್ ಹಾಕಿದ್ದು, ಲಸಿಕೆ ಹಾಕಿದ್ದು, ರಕ್ತ ತೆಗೆದದ್ದು, ಆಮೇಲೆ ಹದಿನೈದು ಅಂಕಿ ಒಂದೊಂದೇ ಬೆರಳಿಟ್ಟು ನೋಡಿ.

ಜೊತೆಗೆ ಮಾಲೀಕರ ಡಿಕ್ಲರೇಷನ್ ಒಂದಿದೆ, ನಾಯಿ ಮಾರೋಕಲ್ಲ, ನಾನೂ ಅದೂ ಐದು ದಿನದ ಅಂತರದೊಳಗೆ ಪ್ರಯಾಣ ಮಾಡ್ತೀವಿ ಅಂತ. ಈ ಐದು ದಿನ ತುಂಬಾ ಮುಖ್ಯ. ಗಂಡ ಏಪ್ರಿಲಲ್ಲಿ ಹೋಗಿ ಮನೆ ಹುಡುಕಿ ಜೂನಲ್ಲಿ ನಾಯೀನ ಕಾರ್ಗೋದಲ್ಲಿ ತರಿಸ್ಕೋತಾನೆ ಅಂದ್ರೆ ಅದು ವ್ಯಾಪಾರದ ರೂಲಿಗೆ ಬೀಳತ್ತೆ, ಫಾರ್ಮೇ ಬೇರೆ, ಕಟ್ಟುನಿಟ್ಟೂ ಜಾಸ್ತಿ. ರಾಜನ ವಿಷ್ಯದಲ್ಲೂ ಭಾವ ಮುಂಚೆ ಹೋಗಿದ್ರು, ಅದಕ್ಕೇ ಪೇಪರೆಲ್ಲ ಅಕ್ಕನ ಹೆಸರಲ್ಲೇ ಮಾಡ್ಸಿದ್ದು.

ಕ್ವಾರಂಟೈನ್ ಇದೆಯಾ?

ಜರ್ಮನಿಯಲ್ಲಿ ಇಲ್ಲ. ಮೇಲಿನ ಪೇಪರೆಲ್ಲ ಸರಿ ಇದ್ರೆ ಸ್ಕ್ಯಾನ್ ಮಾಡಿ ಅಲ್ಲೇ ಕೈಗೆ ಕೊಡ್ತಾರೆ. ಸರಿ ಇಲ್ಲ ಅಂದ್ರೆ ವಾಪಸ್ ಕಳಿಸ್ತಾರೆ ಇಲ್ಲಾ ಕೊರತೆ ನೀಗೋವರೆಗೆ ನಿಮ್ಮ ಖರ್ಚಲ್ಲಿ ಕೂಡಿ ಹಾಕ್ತಾರೆ, ಟೈಟರ್ ಇಲ್ದೆ ಹೋದ್ರೆ ಅದು ತಿಂಗಳುಗಳ ಮಾತು.

ಬೇರೆ ದೇಶದವ್ರು ಇದನ್ನೇ ಫಾಲೋ ಮಾಡ್ಬೇಡಿ. ಫಿನ್‌ಲ್ಯಾಂಡ್, ಐರ್ಲೆಂಡ್, ಮಾಲ್ಟಾ, ನಾರ್ವೆಗೆ ಹೋಗೋಕೆ ಇದ್ರ ಮೇಲೆ ಲಾಡಿಹುಳದ ಮಾತ್ರೆನೂ ಬೇಕು, ಇಳಿಯೋಕ್ ಮುಂಚೆ 24ರಿಂದ 120 ಗಂಟೆ ಒಳಗೆ ವೆಟ್ ಕೈಯಲ್ಲಿ ಕೊಡ್ಸಿ ಬರ್ಸಬೇಕು. ಇಂಗ್ಲೆಂಡಿಗೂ ಅದೇ ಮಾತ್ರೆ ರೂಲ್. ಅಮೆರಿಕಾ 2024ರ ಆಗಸ್ಟಿಂದ ರೂಲ್ ಬಿಗಿ ಮಾಡಿದೆ, ಇಂಡಿಯಾ ಅವ್ರ ಹೈ ರಿಸ್ಕ್ ಲಿಸ್ಟಲ್ಲಿದೆ, ನಾಯಿಗೆ ಆರು ತಿಂಗಳು ತುಂಬಿರ್ಬೇಕು, ಇಲ್ಲಿ ಲಸಿಕೆ ಹಾಕ್ಸಿದ ನಾಯಿ ಟೈಟರ್ ಇಲ್ದೆ ಹೋದ್ರೆ 28 ದಿನ ಕ್ವಾರಂಟೈನು. ಆಸ್ಟ್ರೇಲಿಯಾಗಂತೂ ಇಂಡಿಯಾದಿಂದ ನೇರ ಕಳ್ಸೋಕೇ ಆಗಲ್ಲ, ಅವ್ರು ಒಪ್ಪಿರೋ ಇನ್ನೊಂದು ದೇಶದಲ್ಲಿ ತಿಂಗಳುಗಟ್ಲೆ ಇಟ್ಟು ಅಲ್ಲಿಂದ ಕಳಿಸ್ಬೇಕು.

ಕ್ರೇಟ್: ಕೇಜಿ ನೋಡಿ ತಗೋಬೇಡಿ, ಟೇಪ್ ಹಿಡೀರಿ

ಆನ್‌ಲೈನಲ್ಲಿ 20 ಕೇಜಿ ನಾಯಿಗೆ ಈ ಸೈಜ್ ಅಂತ ಚಾರ್ಟ್ ಹಾಕಿರ್ತಾರೆ, ಅದನ್ನ ನಂಬ್ಬೇಡಿ. ಏರ್‌ಲೈನ್‌ಗಳು ಅನುಸರಿಸೋದು ಅವ್ರ ಅಂತಾರಾಷ್ಟ್ರೀಯ ಸಂಘ ಐಯಾಟಾದ ಪ್ರಾಣಿ ಸಾಗಾಣಿಕೆ ರೂಲು, ಅದು ಅಳತೆ ಕೇಳತ್ತೆ. ನಾಯೀನ ಗೋಡೆ ಪಕ್ಕ ನೆಟ್ಟಗೆ ನಿಲ್ಸಿ, ಒಬ್ರು ಬಿಸ್ಕತ್ ಹಿಡ್ಕೊಳಿ, ಇನ್ನೊಬ್ರು ಅಳೀರಿ. A ಅಂದ್ರೆ ಮೂಗಿನ ತುದಿಯಿಂದ ಬಾಲದ ಬುಡದ ತನಕ. B ನೆಲದಿಂದ ಮುಂಗಾಲಿನ ಮೊಣಕೈ ತನಕ. C ಭುಜದ ಹತ್ರ ಅಗಲವಾದ ಜಾಗ. D ನಿಂತಾಗ ನೆಲದಿಂದ ತಲೆ ತನಕ, ಕಿವಿ ನೆಟ್ಟಗೆ ನಿಲ್ಲೋ ನಾಯಿ ಆದ್ರೆ ಕಿವಿ ತುದಿ ತನಕ. ಕ್ರೇಟಿನ ಒಳಗಿನ ಅಳತೆ ಹೀಗೆ ಬರ್ಬೇಕು:

```
ಉದ್ದ = A + B/2
ಅಗಲ = C × 2
ಎತ್ತರ = D + ಹಾಸಿಗೆ ದಪ್ಪ
```

ರಾಜಂದು A 72, B 32, C 22, D 64 ಸೆಂಟಿಮೀಟರ್. ಉದ್ದ 72ಕ್ಕೆ 16 ಸೇರಿಸಿ 88, ಅಗಲ 44, ಎತ್ತರ 64ಕ್ಕೆ ಮೂರು ಸೆಂಟಿಮೀಟರ್ ಹಾಸು ಸೇರಿಸಿ 67. ಅಂಗಡಿಯವ್ರು ತೋರಿಸಿದ್ದು 400 ಸೈಜು, ಹೊರಗಿಂದ ಸುಮಾರು 91, 61, 66. ಉದ್ದ ಓಕೆ, ಅಗಲ ಧಾರಾಳ, ಎತ್ತರ ಮಾತ್ರ ಹೊರಗಿಂದಾನೇ 66, ಒಳಗೆ ಇನ್ನೂ ಕಮ್ಮಿ. ಮನುಷ್ಯನ ಕಣ್ಣಿಗೆ ಇವನು ಆರಾಮಾಗಿ ನಿಂತಿದಾನೆ ಅನ್ಸತ್ತೆ, ಆದ್ರೆ ಕಿವಿ ಮೇಲಿಗೆ ತಾಗ್ತಿತ್ತು, ಚೆಕ್‌ಇನ್ ಕೌಂಟರಲ್ಲಿ ಅದಿಷ್ಟಕ್ಕೇ ವಾಪಸ್ ಕಳಿಸ್ತಾರೆ. 500 ಸೈಜ್ ತಗೋಬೇಕಾಯ್ತು, ಸುಮಾರು 102, 69, 76. ಮುಧೋಳ ನಾಯಿ ಇಟ್ಕೊಂಡಿರೋರು ಇನ್ನೂ ಹುಷಾರಾಗಿರಿ, ತೂಕ ಕಮ್ಮಿ ಎತ್ತರ ಜಾಸ್ತಿ, ಚಾರ್ಟ್ ಪೂರ್ತಿ ದಾರಿ ತಪ್ಪಿಸತ್ತೆ. ಪಗ್ ಬುಲ್‌ಡಾಗ್ ತರದ ಚಪ್ಪಟೆ ಮೂಗಿನವಕ್ಕೆ ಈ ಲೆಕ್ಕಕ್ಕಿಂತ ಶೇಕಡಾ 10 ದೊಡ್ಡದು ಬೇಕು, ಅದಿದ್ರೂ ಲುಫ್ತಾನ್ಸಾ 2020ರಿಂದ ಅವುಗಳನ್ನ ಲಗೇಜ್ ಹೋಲ್ಡಲ್ಲಿ ತಗೊಳಲ್ಲ, ಉಸಿರಾಟದ ತೊಂದ್ರೆಗೆ.

ದೊಡ್ಡ ಕ್ರೇಟಿಂದ ಜೇಬಿಗೆ ಹೊಡ್ತ ಬೀಳೋದು ಕಾರ್ಗೋದಲ್ಲಿ ಕಳ್ಸಿದ್ರೆ. ಕಾರ್ಗೋದವ್ರು ನಿಜ ತೂಕ ಮತ್ತು ಜಾಗದ ತೂಕ ಎರಡ್ರಲ್ಲಿ ಯಾವ್ದು ಜಾಸ್ತಿನೋ ಅದಕ್ಕೆ ಚಾರ್ಜ್ ಮಾಡ್ತಾರೆ, ಜಾಗದ ತೂಕ ಅಂದ್ರೆ ಮೂರೂ ಅಳತೆ ಗುಣಿಸಿ 6000ದಿಂದ ಭಾಗಿಸೋದು. 400ಕ್ಕೆ 61 ಕೇಜಿ, 500ಕ್ಕೆ 89 ಕೇಜಿ. ನಾಯಿ ಕ್ರೇಟ್ ಸೇರಿ ತಕ್ಕಡಿ ಮೇಲೆ ಮೂವತ್ತು ಚಿಲ್ರೆ ಇರತ್ತೆ, ಬಿಲ್ ಬರೋದು 89ಕ್ಕೆ. ಏಜೆಂಟ್ ಕೊಟ್ಟ ಕೊಟೇಶನ್ ಯಾವ ಸೈಜಿಗೆ ಅಂತ ಕೇಳಿ, ಚಿಕ್ಕ ಸೈಜಿಗೆ ಹಾಕಿ ಕಮ್ಮಿ ತೋರ್ಸಿರೋದು ಉಂಟು.

ಕ್ರೇಟಿನ ಬಾಗಿಲು ಲೋಹದ್ದು ಇರ್ಬೇಕು, ನಾಲ್ಕೂ ಕಡೆ ಗಾಳಿ ಕಿಂಡಿ ಇರ್ಬೇಕು, ಮೇಲೆ ಕೆಳಗಿನ ಭಾಗ ಸೇರ್ಸೋ ಪ್ಲಾಸ್ಟಿಕ್ ಕ್ಲಿಪ್ ತೆಗೆದು ಹಾರ್ಡ್‌ವೇರ್ ಅಂಗಡಿಯ ಲೋಹದ ನಟ್ಟು ಬೋಲ್ಟು ಹಾಕ್ಸಿ. ಚಕ್ರ ಇದ್ರೆ ಬಿಚ್ಬಿಡಿ. ನೀರಿನ ಬಟ್ಲು ಊಟದ ಬಟ್ಲು ಬಾಗಿಲ ಒಳಗಡೆ ಸಿಕ್ಕಿಸಿರ್ಬೇಕು, ಬಾಗಿಲು ತೆಗೀದೆ ಹೊರಗಿಂದ ನೀರು ಹುಯ್ಯೋ ಹಾಗಿರ್ಬೇಕು. ಕೆಳಗೆ ಒದ್ದೆ ಹೀರೋ ಪ್ಯಾಡು, ಮೇಲೊಂದು ಹಳೇ ಬೆಡ್‌ಶೀಟು, ಹುಲ್ಲು ಬೇಡ. ಹೊರಗೆ ಜೀವಂತ ಪ್ರಾಣಿ ಅನ್ನೋ ಲೇಬಲ್ಲು, ಈ ಕಡೆ ಮೇಲೆ ಅನ್ನೋ ಬಾಣ, ನಿಮ್ಮ ಹೆಸರು, ಎರಡೂ ದೇಶದ ಫೋನ್ ನಂಬರು. ಕ್ರೇಟ್ ತಿಂಗಳ ಮುಂಚೆ ತಂದು ಹಾಲಲ್ಲಿ ಬಾಗಿಲು ತೆಗೆದಿಟ್ಟು ಊಟ ಅಲ್ಲೇ ಹಾಕಿ, ರಾಜ ಮೊದಲ ವಾರ ಮುಂಗಾಲೆರಡು ಒಳಗಿಟ್ಟು ಹಿಂದಿನದ್ದು ಹೊರಗೇ ಬಿಟ್ಕೊಂಡು ಅನ್ನ ತಿಂತಿದ್ದ, ಆಮೇಲೆ ಮಧ್ಯಾಹ್ನದ ನಿದ್ದೆಗೆ ತಾನೇ ಹೋಗೋಕೆ ಶುರು ಮಾಡಿದ.

ಬುಕಿಂಗು, ಹೊರಡೋ ದಿನ

ನಿಮ್ ಟಿಕೆಟ್ ಫೈನಲ್ ಮಾಡೋಕ್ ಮುಂಚೆ ನಾಯಿಗೆ ಜಾಗ ಇದೆಯಾ ಅಂತ ಏರ್‌ಲೈನಿಗೆ ಫೋನ್ ಮಾಡಿ, ಒಂದು ಫ್ಲೈಟಿಗೆ ಇಷ್ಟೇ ಪ್ರಾಣಿ ಅಂತ ಲಿಮಿಟ್ ಇರತ್ತೆ. ಲುಫ್ತಾನ್ಸಾದಲ್ಲಿ ಬ್ಯಾಗ್ ಸೇರಿ 8 ಕೇಜಿ ಒಳಗಿದ್ರೆ ಕ್ಯಾಬಿನ್, ಮೇಲಿದ್ರೆ ಹೋಲ್ಡು. ಬೇರೆ ಏರ್‌ಲೈನ್ ಆದ್ರೆ ಲಿಮಿಟ್ ಬೇರೆ, ಕೆಲವ್ರು ಕಾರ್ಗೋ ಬಿಟ್ಟು ಏನೂ ಕೊಡಲ್ಲ. ಡೈರೆಕ್ಟ್ ಫ್ಲೈಟ್ ಇರೋವಾಗ ಅಗ್ಗ ಅಂತ ಎರಡು ಕಡೆ ಇಳಿಸಿ ಹತ್ತಿಸೋ ಟಿಕೆಟ್ ತಗೋಬೇಡಿ, ಬಿಸಿಲಲ್ಲಿ ಟಾರ್ಮ್ಯಾಕ್ ಮೇಲೆ ಕ್ರೇಟ್ ನಿಲ್ಲೋ ಪ್ರತಿ ಸಲವೂ ರಿಸ್ಕೇ.

ನಿದ್ದೆ ಮಾತ್ರೆ ಕೊಡ್ಬೇಡಿ. ಮತ್ತಿನಲ್ಲಿರೋ ನಾಯಿಗೆ ಬಿಪಿ ಇಳಿಯತ್ತೆ, ಮೈ ಬಿಸಿ ಕಾಪಾಡ್ಕೊಳೋಕಾಗಲ್ಲ, ಕ್ರೇಟ್ ವಾಲಿದಾಗ ಬ್ಯಾಲೆನ್ಸ್ ಮಾಡೋಕಾಗಲ್ಲ, ಗೊತ್ತಾದ್ರೆ ಏರ್‌ಲೈನ್ ಹತ್ತಿಸ್ಕೊಳೋದೂ ಇಲ್ಲ. ಹೊರಡೋಕೆ ಐದಾರು ಗಂಟೆ ಮುಂಚೆ ಸ್ವಲ್ಪ ಊಟ, ಏರ್‌ಪೋರ್ಟ್ ಮುಟ್ಟಿದ್ಮೇಲೆ ಉದ್ದ ವಾಕು, ಕೊನೇವರೆಗೂ ನೀರು. ಒರಿಜಿನಲ್ ಪೇಪರ್ ನಿಮ್ ಹ್ಯಾಂಡ್‌ಬ್ಯಾಗಲ್ಲಿ, ಒಂದು ಝೆರಾಕ್ಸ್ ಸೆಟ್ ಕ್ರೇಟ್ ಮೇಲೆ ಪ್ಲಾಸ್ಟಿಕ್ ಕವರಲ್ಲಿ.

ಫ್ರಾಂಕ್‌ಫರ್ಟಲ್ಲೋ ಮ್ಯೂನಿಕ್‌ನಲ್ಲೋ ಇಳಿದ್ಮೇಲೆ ಹಸಿರು ಗೇಟಲ್ಲಿ ನುಗ್ಗಬೇಡಿ. ಕೆಂಪು ಚಾನೆಲಿಗೆ ಹೋಗಿ, ನಾಯಿ ಇದೆ ಅಂತ ನೀವೇ ಕಸ್ಟಮ್ಸಿನವ್ರಿಗೆ ಹೇಳಿ ಪೇಪರ್ ಕೊಡಿ. ಚಿಪ್ ಸ್ಕ್ಯಾನ್ ಮಾಡಿ, ಡೇಟು ತಾಳೆ ನೋಡಿ ಬಿಡ್ತಾರೆ.

ಮನೆ ವಿಳಾಸ ರಿಜಿಸ್ಟರ್ ಮಾಡ್ಸೋವಾಗ್ಲೇ ನಾಯಿ ತೆರಿಗೆಗೂ ನೋಂದಾಯಿಸಿ, ಅದು ಊರಿಂದ ಊರಿಗೆ ಬೇರೆ, ಬರ್ಲಿನ್ನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೋ. ಆಮೇಲೆ ಅಲ್ಲಿನ ವೆಟ್ ಹತ್ರ ಹೋಗಿ ಇಯು ಪೆಟ್ ಪಾಸ್‌ಪೋರ್ಟ್ ಮಾಡ್ಸಿ, ಅದ್ರಲ್ಲಿ ಟೈಟರ್ ರಿಸಲ್ಟೂ ಬರಿಸಿ. ರಾಜಂಗೆ ಮುಂದಿನ ಬೂಸ್ಟರ್ ಫೆಬ್ರವರಿ 1ರ ಒಳಗೆ, ಅದು ತಪ್ಪದೆ ನಡೀತಿದ್ರೆ ಊರಿಗೆ ರಜೆಗೆ ಕರ್ಕೊಂಡ್ ಬಂದು ವಾಪಸ್ ಹೋಗೋವಾಗ ಮತ್ತೆ ಮೂರು ತಿಂಗಳು ಕಾಯೋದು ಇರಲ್ಲ.